ಪಾಲಿಸಿ ಪೇಪರಿನಲ್ಲಿ ಗೆಜೆಟ್ ಅಧಿಸೂಚನೆ, ಮಸೂದೆ, ಸರ್ಕಾರಿ ಆದೇಶವನ್ನು ಉಲ್ಲೇಖಿಸುವುದು ಹೇಗೆ

ಪರಿಸರದ ಬಗ್ಗೆ ಬರೆದ ಪೇಪರುಗಳಲ್ಲಿ ಇಂಥ ಒಂದು ಅಡಿಟಿಪ್ಪಣಿ ಆಗಾಗ ಕಣ್ಣಿಗೆ ಬೀಳುತ್ತದೆ: ‘ಪರಿಸರ ಸಚಿವಾಲಯ, ಇಐಎ ಅಧಿಸೂಚನೆ, 2020.’ ಪಕ್ಕದಲ್ಲಿ ಒಂದು ಲಿಂಕ್ ಇರುತ್ತದೆ. ಮೇಲೆ, ಪೇಪರಿನ ಒಳಗೆ, ‘ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಜನರಿಗೆ 20 ದಿನಗಳ ನೋಟಿಸ್ ಕೊಡಬೇಕು’ ಎಂದು ಬರೆದಿರುತ್ತಾರೆ.

ಈ ಮಾತು ತಪ್ಪು. ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿಗೆ ಸಂಬಂಧಿಸಿ 2020ರಲ್ಲಿ ಬಂದದ್ದು ಕರಡು ಅಧಿಸೂಚನೆ. ಅದು ಅಂತಿಮವಾಗಿ ಹೊರಬರಲಿಲ್ಲ. ಜಾರಿಯಲ್ಲಿರುವುದು 2006ರ ಅಧಿಸೂಚನೆ, ಅದರ ಮೇಲೆ ಬಂದ ತಿದ್ದುಪಡಿಗಳ ಸಮೇತ. ಅದರ ಪ್ರಕಾರ ನೋಟಿಸಿನ ಕನಿಷ್ಠ ಅವಧಿ 30 ದಿನ. ಅದನ್ನು 20 ದಿನಕ್ಕೆ ಇಳಿಸಬೇಕೆಂಬ ಪ್ರಸ್ತಾವ ಕರಡಿನಲ್ಲಿತ್ತು. ಜನ ಅದನ್ನು ವಿರೋಧಿಸಿದ ಕಾರಣಗಳಲ್ಲಿ ಇದೂ ಒಂದು. ಪೇಪರು ಬರೆದವರು ಆ ಪ್ರಸ್ತಾವವನ್ನೇ ಕಾನೂನು ಅಂತ ಓದುಗರ ಮುಂದೆ ಇಟ್ಟುಬಿಟ್ಟರು.

ಉಲ್ಲೇಖವನ್ನು ಸರಿಯಾಗಿ ಬರೆಯಲು ಕೂತಿದ್ದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಸರ್ಕಾರಿ ದಾಖಲೆಯ ಉಲ್ಲೇಖ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಇದು ಯಾವ ಕಾಗದ? ನಾನು ಹೇಳುತ್ತಿರುವ ದಿನ ಈ ಕಾಗದಕ್ಕೆ ಯಾವ ಬಲ ಇತ್ತು? ಮೊದಲನೆಯದಕ್ಕೆ ಸಂಖ್ಯೆ, ದಿನಾಂಕ ಬೇಕು. ಎರಡನೆಯದಕ್ಕೆ ಅದು ಕರಡೋ, ಅಂತಿಮವೋ, ಜಾರಿಗೆ ಬಂದಿದೆಯೋ, ತಿದ್ದುಪಡಿಯಾಗಿದೆಯೋ, ಕೋರ್ಟು ರದ್ದು ಮಾಡಿದೆಯೋ ಎಂದು ನೋಡಬೇಕು. ಅಲ್ಪವಿರಾಮ ಎಲ್ಲಿ, ಆವರಣ ಎಲ್ಲಿ ಅನ್ನುವುದು ಆಮೇಲಿನ ಮಾತು. ಅದನ್ನು ಪತ್ರಿಕೆಯ ಶೈಲಿ ಕೈಪಿಡಿ ಹೇಳುತ್ತದೆ.

ಗೆಜೆಟ್ ಅಧಿಸೂಚನೆ: ಪುಟವನ್ನು ಓದುವ ಕ್ರಮ

ಮೊದಲು ಮೂಲ ಪಿಡಿಎಫ್ ಸಿಗಬೇಕು. ಕೇಂದ್ರದ ಗೆಜೆಟ್ egazette.gov.in ತಾಣದಲ್ಲಿದೆ. ಕರ್ನಾಟಕದ್ದು erajyapatra.karnataka.gov.in ತಾಣದಲ್ಲಿದೆ. ಸಚಿವಾಲಯದ ತಾಣದಲ್ಲೋ ಯಾವುದೋ ಸಂಸ್ಥೆಯ ತಾಣದಲ್ಲೋ ಸಿಕ್ಕ ಪ್ರತಿಯನ್ನು ಓದಲು ಬಳಸಿ, ತೊಂದರೆ ಇಲ್ಲ. ಆದರೆ ಉಲ್ಲೇಖಕ್ಕೆ ಬೇಕಾದ ವಿವರಗಳನ್ನು ಗೆಜೆಟ್ ಪುಟದಿಂದಲೇ ಎತ್ತಿಕೊಳ್ಳಿ.

2006ರ ಅಧಿಸೂಚನೆಯನ್ನೇ ತೆಗೆದುಕೊಳ್ಳೋಣ. ಗೆಜೆಟಿನ ತಲೆಬರಹದಲ್ಲಿ ‘ಅಸಾಧಾರಣ’ ಎಂದಿದೆ. ಅದರ ಕೆಳಗೆ ‘ಭಾಗ II, ವಿಭಾಗ 3, ಉಪವಿಭಾಗ (ii)’ ಎಂದಿದೆ. ಒಳಗೆ ಸಚಿವಾಲಯದ ಹೆಸರು, ಅದರ ಕೆಳಗೆ ‘ಅಧಿಸೂಚನೆ’ ಎಂಬ ಪದ, ದಿನಾಂಕ, ಆಮೇಲೆ ‘ಎಸ್.ಒ. 1533(ಇ)’ ಎಂಬ ಸಂಖ್ಯೆ. ಈ ಸಂಖ್ಯೆಯೇ ದಾಖಲೆಯ ಗುರುತು.

ಇದನ್ನು ಬಿಡಿಸಿ ನೋಡಿದರೆ ಮುಂದೆ ಯಾವ ಅಧಿಸೂಚನೆ ಸಿಕ್ಕರೂ ಕಷ್ಟವಾಗುವುದಿಲ್ಲ. ‘ಎಸ್.ಒ.’ ಎಂದರೆ ಶಾಸನಾತ್ಮಕ ಆದೇಶ. ಇವು ಉಪವಿಭಾಗ (ii)ರಲ್ಲಿ ಬರುತ್ತವೆ. ‘ಜಿ.ಎಸ್.ಆರ್.’ ಎಂದು ಶುರುವಾಗುವವು ಸಾಮಾನ್ಯ ಶಾಸನಾತ್ಮಕ ನಿಯಮಗಳು. ಅವು ಉಪವಿಭಾಗ (i)ರಲ್ಲಿರುತ್ತವೆ. ಆವರಣದೊಳಗಿನ ‘ಇ’ ಅಂದರೆ ಅಸಾಧಾರಣ ಗೆಜೆಟ್. ವಾರದ ಮಾಮೂಲಿ ಸಂಚಿಕೆಯ ಅಧಿಸೂಚನೆಗೆ ಈ ಅಕ್ಷರ ಇರುವುದಿಲ್ಲ. ಹಾಗಾಗಿ ನೀವು ಎಸ್.ಒ. ಸಂಖ್ಯೆ ಬರೆದು ಪಕ್ಕದಲ್ಲಿ ಉಪವಿಭಾಗ (i) ಅಂತ ಹಾಕಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ಈ ಸಂಖ್ಯೆಗಳು ಪ್ರತಿ ವರ್ಷ ಮತ್ತೆ ಒಂದರಿಂದ ಶುರುವಾಗುತ್ತವೆ. ‘ಎಸ್.ಒ. 1533(ಇ)’ ಅಂತ ಇಷ್ಟೇ ಬರೆದರೆ ಪ್ರತಿ ವರ್ಷಕ್ಕೂ ಅಂಥದ್ದೊಂದು ಇರಬಹುದು. ಸಂಖ್ಯೆಯನ್ನೂ ದಿನಾಂಕವನ್ನೂ ಯಾವತ್ತೂ ಬೇರೆ ಮಾಡಬೇಡಿ.

ಅಧಿಸೂಚನೆಯ ಕೊನೆಯಲ್ಲಿ, ಸಹಿಯ ಹತ್ತಿರ ಇನ್ನೊಂದು ಸಂಖ್ಯೆ ಕಾಣುತ್ತದೆ. 2006ರ ಅಧಿಸೂಚನೆಯಲ್ಲಿ ಅದು J-11013/56/2004-IA-II (I). ಇದು ಸಚಿವಾಲಯದ ಕಡತದ ಸಂಖ್ಯೆ. ಅಧಿಸೂಚನೆಯ ಸಂಖ್ಯೆ ಇದಲ್ಲ. ಹಲವರು ಇದನ್ನೇ ಎತ್ತಿ ಅಡಿಟಿಪ್ಪಣಿಗೆ ಹಾಕುತ್ತಾರೆ. ಒಂದೇ ಕಡತದಿಂದ ಹಲವು ಅಧಿಸೂಚನೆ, ಪತ್ರ ಹೊರಡಬಹುದು. ಕಡತದ ಸಂಖ್ಯೆ ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ ಬಹಳ ಉಪಯೋಗಕ್ಕೆ ಬರುತ್ತದೆ, ಬರೆದಿಟ್ಟುಕೊಳ್ಳಿ. ಉಲ್ಲೇಖದಲ್ಲಿ ಮಾತ್ರ ಎಸ್.ಒ. ಅಥವಾ ಜಿ.ಎಸ್.ಆರ್. ಸಂಖ್ಯೆಯೇ ಇರಲಿ.

ಇಷ್ಟಾದ ಮೇಲೆ ಉಲ್ಲೇಖ ಹೀಗಾಗುತ್ತದೆ:

> ಪರಿಸರ ಮತ್ತು ಅರಣ್ಯ ಸಚಿವಾಲಯ, ಭಾರತ ಸರ್ಕಾರ, ಅಧಿಸೂಚನೆ ಎಸ್.ಒ. 1533(ಇ), 14 ಸೆಪ್ಟೆಂಬರ್ 2006, ಭಾರತದ ರಾಜ್ಯಪತ್ರ, ಅಸಾಧಾರಣ, ಭಾಗ II, ವಿಭಾಗ 3, ಉಪವಿಭಾಗ (ii), ಅನುಬಂಧ IV, ಪ್ಯಾರಾ 3.1.

ಸಚಿವಾಲಯದ ಹೆಸರನ್ನು ಗಮನಿಸಿ. ‘ಹವಾಮಾನ ಬದಲಾವಣೆ’ ಎಂಬುದು ಆ ಹೆಸರಿಗೆ ಸೇರಿದ್ದು 2014ರಲ್ಲಿ. 2006ರ ದಾಖಲೆಗೆ ಅವತ್ತಿನ ಹೆಸರನ್ನೇ ಬರೆಯಬೇಕು. ಕೊನೆಯ ತುಣುಕನ್ನೂ ನೋಡಿ. ಇಡೀ ಅಧಿಸೂಚನೆಯನ್ನು ತೋರಿಸಿ ‘ಇದರಲ್ಲಿ ಎಲ್ಲೋ ಇದೆ, ಹುಡುಕಿಕೊಳ್ಳಿ’ ಅನ್ನುವುದು ಓದುಗರಿಗೆ ಮಾಡುವ ಅನ್ಯಾಯ. 30 ದಿನದ ನಿಯಮ ಅನುಬಂಧ IVರ ಪ್ಯಾರಾ 3.1ರಲ್ಲಿದೆ, ಅದನ್ನು ಹೇಳಿಬಿಡಿ. ಪುಟದ ಸಂಖ್ಯೆಗಿಂತ ಪ್ಯಾರಾ ಸಂಖ್ಯೆ ವಾಸಿ. ಗೆಜೆಟಿನಲ್ಲಿ ಹಿಂದಿ ಪಠ್ಯ ಮುಂಚೆ, ಇಂಗ್ಲಿಷ್ ಪಠ್ಯ ಆಮೇಲೆ ಬರುವುದರಿಂದ ಪುಟದ ಲೆಕ್ಕ ಬೇರೆ ಬೇರೆ ಪ್ರತಿಗಳಲ್ಲಿ ಬೇರೆಯಾಗುತ್ತದೆ.

ಕರಡು ಎಂದು ಗೊತ್ತಾಗುವುದು ಹೇಗೆ

ಕರಡೂ ಗೆಜೆಟಿನಲ್ಲೇ ಅಚ್ಚಾಗುತ್ತದೆ. ಅದಕ್ಕೂ ಎಸ್.ಒ. ಸಂಖ್ಯೆ ಇರುತ್ತದೆ. ತಲೆಬರಹ, ಲಾಂಛನ, ಸಹಿ ಎಲ್ಲ ಒಂದೇ ಥರ. ಅದಕ್ಕೇ ಜನ ಮೋಸ ಹೋಗುತ್ತಾರೆ. ವ್ಯತ್ಯಾಸ ಇರುವುದು ಮೊದಲ ಪ್ಯಾರಾಗಳಲ್ಲಿ.

ಕರಡಿನಲ್ಲಿ ಸರ್ಕಾರ ಹೀಗೆ ಹೇಳುತ್ತದೆ: ಇಂಥ ಅಧಿಸೂಚನೆ ಹೊರಡಿಸಲು ಉದ್ದೇಶಿಸಿದ್ದೇವೆ, ಇದರಿಂದ ಬಾಧಿತರಾಗುವವರ ಮಾಹಿತಿಗಾಗಿ ಪ್ರಕಟಿಸುತ್ತಿದ್ದೇವೆ, ಆಕ್ಷೇಪ ಸಲಹೆಗಳನ್ನು ಇಷ್ಟು ದಿನದೊಳಗೆ ಕಳಿಸಿ. ಅಂತಿಮ ಅಧಿಸೂಚನೆಯಲ್ಲಿ ಮಾತು ಬದಲಾಗುತ್ತದೆ. ಕರಡನ್ನು ಇಂಥ ದಿನ ಪ್ರಕಟಿಸಿದ್ದೆವು, ಬಂದ ಆಕ್ಷೇಪಗಳನ್ನು ಪರಿಶೀಲಿಸಿದ್ದೇವೆ, ಈಗ ಇಂಥ ಕಾಯ್ದೆಯ ಇಂಥ ಸೆಕ್ಷನ್ ಕೊಟ್ಟ ಅಧಿಕಾರವನ್ನು ಚಲಾಯಿಸಿ ನಿರ್ದೇಶಿಸುತ್ತೇವೆ ಎಂದಿರುತ್ತದೆ. 2006ರ ಅಧಿಸೂಚನೆಯ ಆರಂಭವನ್ನು ಓದಿ ನೋಡಿ. ಅದರ ಕರಡು 15 ಸೆಪ್ಟೆಂಬರ್ 2005ರಂದು ಎಸ್.ಒ. 1324(ಇ) ಎಂಬ ಸಂಖ್ಯೆಯಲ್ಲಿ ಬಂದಿತ್ತು ಎಂದು ಅದೇ ಹೇಳುತ್ತದೆ. ಹೀಗೆ ಅಂತಿಮ ಅಧಿಸೂಚನೆಯ ಪೀಠಿಕೆ ನಿಮಗೆ ಕರಡಿನ ವಿಳಾಸವನ್ನೂ ಕೊಡುತ್ತದೆ. ಕರಡಿಗೂ ಅಂತಿಮಕ್ಕೂ ಏನು ಬದಲಾಯಿತು ಎಂದು ಹೋಲಿಸುವುದು ಒಳ್ಳೆಯ ಪಾಲಿಸಿ ಪೇಪರಿನ ಜೀವಾಳ. ಅಂಥ ಕೆಲಸ ಮಾಡುವವರು ಎರಡನ್ನೂ ಪ್ರತ್ಯೇಕವಾಗಿ ಉಲ್ಲೇಖಿಸಲೇಬೇಕು.

2020ರ ಕರಡಿನಲ್ಲಿ ಇನ್ನೊಂದು ತೊಡಕಿದೆ. ಅಧಿಸೂಚನೆಯ ದಿನಾಂಕ 23 ಮಾರ್ಚ್ 2020. ಅದು ಗೆಜೆಟಿನಲ್ಲಿ ಪ್ರಕಟವಾದದ್ದು 11 ಏಪ್ರಿಲ್ 2020. ಸುಮಾರು ಮೂರು ವಾರದ ಅಂತರ. ಅದೂ ಲಾಕ್‌ಡೌನ್ ಕಾಲ. ಆಕ್ಷೇಪ ಸಲ್ಲಿಸಲು 60 ದಿನ ಎಂದಾಗ, ಆ 60 ದಿನ ಯಾವತ್ತಿನಿಂದ ಎಂಬುದು ಸಣ್ಣ ಪ್ರಶ್ನೆಯಲ್ಲ. ಇಂಥ ಕಡೆ ಎರಡೂ ದಿನಾಂಕ ಕೊಡಿ. ಇ-ಗೆಜೆಟಿನ ಮೊದಲ ಪುಟದ ಮೇಲ್ಗಡೆ CG-DL-E- ಎಂದು ಶುರುವಾಗುವ ಗುರುತಿನ ಸಂಖ್ಯೆ ಇರುತ್ತದೆ. ಅದರ ನಡುವಿನ ಎಂಟು ಅಂಕಿಗಳೇ ದಿನ, ತಿಂಗಳು, ವರ್ಷ. ಅಧಿಸೂಚನೆಯೊಳಗಿನ ದಿನಾಂಕಕ್ಕೂ ಈ ಎಂಟು ಅಂಕಿಗೂ ತಾಳೆಯಾಗದಿದ್ದರೆ ಪ್ರಕಟಣೆ ತಡವಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

> ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ, ಭಾರತ ಸರ್ಕಾರ, ಕರಡು ಅಧಿಸೂಚನೆ ಎಸ್.ಒ. 1199(ಇ), 23 ಮಾರ್ಚ್ 2020 (ಪ್ರಕಟಣೆ: 11 ಏಪ್ರಿಲ್ 2020), ಭಾರತದ ರಾಜ್ಯಪತ್ರ, ಅಸಾಧಾರಣ, ಭಾಗ II, ವಿಭಾಗ 3, ಉಪವಿಭಾಗ (ii). ಅಂತಿಮಗೊಂಡಿಲ್ಲ.

ಆ ಕೊನೆಯ ಒಂದು ಪದ ಬಹಳ ಕೆಲಸ ಮಾಡುತ್ತದೆ. ಬೇಕಿದ್ದರೆ ಇನ್ನೂ ಒಂದು ಸಾಲು ಸೇರಿಸಬಹುದು. ಕರಡನ್ನು ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಿಲ್ಲ ಎಂಬ ದೂರಿನ ಮೇಲೆ ಕರ್ನಾಟಕ ಹೈಕೋರ್ಟು ಆಗಸ್ಟ್ 2020ರಲ್ಲಿ ಅಂತಿಮ ಪ್ರಕಟಣೆಗೆ ಮಧ್ಯಂತರ ತಡೆ ಕೊಟ್ಟಿತ್ತು. ನಿಮ್ಮ ಪೇಪರು ಜನರ ಪಾಲ್ಗೊಳ್ಳುವಿಕೆಯ ಬಗ್ಗೆ ಇದ್ದರೆ ಈ ಸಂಗತಿ ಅಡಿಟಿಪ್ಪಣಿಯಲ್ಲಿ ಮುಚ್ಚಿಹೋಗಬಾರದು, ಮೇಲಿನ ಪಠ್ಯದಲ್ಲೇ ಬರಬೇಕು.

ತಿದ್ದುಪಡಿಗಳ ಸರಪಳಿ

‘2006ರ ಅಧಿಸೂಚನೆ, ಕಾಲಕಾಲಕ್ಕೆ ತಿದ್ದುಪಡಿಯಾದಂತೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಬಹಳ ಸುಲಭ. ಅದರಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಉದಾಹರಣೆಗೆ, ಸಣ್ಣ ಕಲ್ಲುಗಣಿ, ಮರಳುಗಾರಿಕೆಗೆ ಜಿಲ್ಲಾ ಮಟ್ಟದ ಪ್ರಾಧಿಕಾರವೇ ಪರಿಸರ ಅನುಮತಿ ಕೊಡುವ ವ್ಯವಸ್ಥೆ 2006ರ ಮೂಲ ಪಠ್ಯದಲ್ಲಿ ಇರಲೇ ಇಲ್ಲ. ಅದು ಬಂದದ್ದು 15 ಜನವರಿ 2016ರ ಎಸ್.ಒ. 141(ಇ) ಮೂಲಕ. ಆ ಪ್ರಾಧಿಕಾರದ ಬಗ್ಗೆ ಮಾತಾಡುವಾಗ 2006ರ ಅಧಿಸೂಚನೆಯನ್ನು ಮಾತ್ರ ತೋರಿಸಿದರೆ, ಓದುಗರು ಮೂಲ ತೆರೆದು ಹುಡುಕಿದರೂ ಏನೂ ಸಿಗುವುದಿಲ್ಲ.

ಹಾಗಾಗಿ ಕ್ರಮ ಇದು. ಮೂಲ ಅಧಿಸೂಚನೆಯನ್ನು ಒಮ್ಮೆ ಪೂರ್ತಿ ಉಲ್ಲೇಖಿಸಿ. ನೀವು ಬಳಸುವ ಪ್ಯಾರಾವನ್ನು ಬದಲಿಸಿದ ತಿದ್ದುಪಡಿ ಯಾವುದೋ ಅದರ ಸಂಖ್ಯೆ, ದಿನಾಂಕವನ್ನು ಜೊತೆಗೆ ಕೊಡಿ. ಉಳಿದ ತಿದ್ದುಪಡಿಗಳ ಪಟ್ಟಿ ಬೇಡ.

ಆ ತಿದ್ದುಪಡಿಯನ್ನು ಹುಡುಕುವುದು ಹೇಗೆ? ಪ್ರತಿ ತಿದ್ದುಪಡಿ ಅಧಿಸೂಚನೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ: ಮೂಲ ಅಧಿಸೂಚನೆ ಇಂಥ ಸಂಖ್ಯೆಯಲ್ಲಿ ಪ್ರಕಟವಾಗಿತ್ತು, ನಂತರ ಇವಿವುಗಳ ಮೂಲಕ ತಿದ್ದುಪಡಿಯಾಯಿತು. ನಿಮಗೆ ಸಿಕ್ಕ ತೀರಾ ಇತ್ತೀಚಿನ ತಿದ್ದುಪಡಿಯನ್ನು ತೆರೆದು ಈ ಟಿಪ್ಪಣಿ ಓದಿದರೆ ಹಿಂದಿನ ಇಡೀ ಸರಪಳಿ ಕೈಗೆ ಬರುತ್ತದೆ. ಆದರೆ ಆ ಪಟ್ಟಿ ಅವತ್ತಿನವರೆಗಿನದು. ಅದರ ನಂತರದ್ದನ್ನು ಗೆಜೆಟ್ ತಾಣದಲ್ಲಿ ಸಚಿವಾಲಯ, ದಿನಾಂಕ ಹಾಕಿ ನೀವೇ ಹುಡುಕಬೇಕು. ಇದಕ್ಕೆ ತಾಳ್ಮೆ ಬೇಕು, ಅಡ್ಡದಾರಿ ಇಲ್ಲ.

ಗೆಜೆಟ್ ಎಷ್ಟು ಹುಡುಕಿದರೂ ಹೇಳದ ಸಂಗತಿಯೊಂದಿದೆ, ಅದು ಕೋರ್ಟಿನ ತೀರ್ಪು. 28 ಮಾರ್ಚ್ 2020ರ ಎಸ್.ಒ. 1224(ಇ) ರಸ್ತೆ, ಪೈಪ್‌ಲೈನಿನಂಥ ಉದ್ದನೆಯ ಯೋಜನೆಗಳಿಗೆ ಸಾಮಾನ್ಯ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂದು ವಿನಾಯಿತಿ ಕೊಟ್ಟಿತ್ತು. ಆ ವಿನಾಯಿತಿ ಕೊಟ್ಟ 6ನೇ ಅಂಶವನ್ನು ಸುಪ್ರೀಂ ಕೋರ್ಟು ನೋಬಲ್ ಎಂ. ಪೈಕಡ ಪ್ರಕರಣದಲ್ಲಿ 21 ಮಾರ್ಚ್ 2024ರಂದು ರದ್ದುಗೊಳಿಸಿತು. ಗೆಜೆಟಿನ ಹಳೆಯ ಪಿಡಿಎಫ್ ಮಾತ್ರ ಹಾಗೇ ಇದೆ. ಅದರ ಮೇಲೆ ಯಾರೂ ಗೆರೆ ಎಳೆಯುವುದಿಲ್ಲ. ನಿಮ್ಮ ವಾದ ಒಂದು ಅಧಿಸೂಚನೆಯ ಮೇಲೆ ನಿಂತಿದ್ದರೆ, ಅದರ ಸಂಖ್ಯೆಯನ್ನು ತೀರ್ಪುಗಳ ತಾಣದಲ್ಲೂ ಹಾಕಿ ನೋಡಿ. ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಬೇರೆ ಬೇರೆ ರೀತಿ ಹೊಡೆಯಿರಿ:

```
"S.O. 1224(E)"
"SO 1224 (E)"
"1224(E)" 2020
```

ತೀರ್ಪುಗಳಲ್ಲಿ ಚುಕ್ಕಿ, ಜಾಗ ಒಬ್ಬೊಬ್ಬರು ಒಂದೊಂದು ಥರ ಬಿಡುತ್ತಾರೆ. ಒಂದೇ ರೀತಿಯಲ್ಲಿ ಹುಡುಕಿ ‘ಏನೂ ಇಲ್ಲ’ ಅಂದುಕೊಳ್ಳಬೇಡಿ.

ಮಸೂದೆ: ಹೆಸರು ಒಂದೇ, ದಾಖಲೆ ನಾಲ್ಕು

ಮಸೂದೆಯಲ್ಲಿ ಗೊಂದಲ ಹುಟ್ಟುವುದು ಹೆಸರಿನಿಂದ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು ಇದಕ್ಕೆ ತಕ್ಕ ಉದಾಹರಣೆ. ಬರೀ ‘ಡೇಟಾ ಮಸೂದೆ’ ಎಂದರೆ ಯಾವುದು?

ಡಿಸೆಂಬರ್ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದದ್ದು ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ, 2019. ಅದರ ಸಂಖ್ಯೆ 2019ರ ಮಸೂದೆ ಸಂಖ್ಯೆ 373. ಅದನ್ನು ಸರ್ಕಾರ 3 ಆಗಸ್ಟ್ 2022ರಂದು ಹಿಂಪಡೆಯಿತು. 18 ನವೆಂಬರ್ 2022ರಂದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಜನರ ಅಭಿಪ್ರಾಯಕ್ಕಾಗಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ, 2022 ಎಂಬ ಕರಡು ಬಿಟ್ಟಿತು. ಅದು ಸಂಸತ್ತಿಗೆ ಹೋಗಲೇ ಇಲ್ಲ, ಹಾಗಾಗಿ ಅದಕ್ಕೆ ಮಸೂದೆ ಸಂಖ್ಯೆಯೂ ಇಲ್ಲ. 3 ಆಗಸ್ಟ್ 2023ರಂದು ಮಂಡನೆಯಾದದ್ದು 2023ರ ಮಸೂದೆ ಸಂಖ್ಯೆ 113. ಅದಕ್ಕೆ 11 ಆಗಸ್ಟ್ 2023ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದು 2023ರ ಕಾಯ್ದೆ ಸಂಖ್ಯೆ 22 ಆಯಿತು.

ನಾಲ್ಕು ದಾಖಲೆ, ನಾಲ್ಕು ಬಲ. ಇವುಗಳಲ್ಲಿ ಸಚಿವಾಲಯದ ಕರಡನ್ನು ಮಸೂದೆಯಂತೆ ಉಲ್ಲೇಖಿಸುವುದು ಅತಿ ಸಾಮಾನ್ಯ ತಪ್ಪು. ಮಸೂದೆ ಸಂಖ್ಯೆ ಹುಡುಕಿ. ಸಿಗದಿದ್ದರೆ ಅದು ಸದನದ ಮುಂದೆ ಬಂದಿದೆಯೇ ಎಂದು ಅನುಮಾನ ಪಡಿ. ನಮ್ಮ ರಾಜ್ಯದಲ್ಲೂ ಇದಕ್ಕೆ ಉದಾಹರಣೆ ಇದೆ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಜುಲೈ 2024ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪತ್ರಿಕೆಗಳಲ್ಲಿ ಮುಖಪುಟದ ಸುದ್ದಿಯಾಯಿತು. ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಅದನ್ನು ಚರ್ಚಿಸುವ ಪೇಪರು ‘ಸಂಪುಟ ಒಪ್ಪಿದ ಕರಡು, ತಡೆಹಿಡಿಯಲಾಗಿದೆ’ ಎಂದೇ ಬರೆಯಬೇಕು. ‘ಕರ್ನಾಟಕ ಮಸೂದೆ, 2024’ ಎಂದು ಬರೆದರೆ ಅದು ವಿಧಾನಸಭೆಯಲ್ಲಿ ಮಂಡನೆಯಾಗಿತ್ತು ಎಂಬ ಭಾವನೆ ಬರುತ್ತದೆ.

ಸಂಖ್ಯೆ ಸಿಕ್ಕ ಮೇಲೆ ಯಾವ ಪಠ್ಯ ಎಂದು ನೋಡಿ. sansad.in ತಾಣದಲ್ಲಿ ಒಂದೇ ಮಸೂದೆಗೆ ‘ಮಂಡಿಸಿದಂತೆ’, ‘ಲೋಕಸಭೆ ಅಂಗೀಕರಿಸಿದಂತೆ’, ‘ಉಭಯ ಸದನಗಳು ಅಂಗೀಕರಿಸಿದಂತೆ’ ಎಂಬ ಬೇರೆ ಬೇರೆ ಪಿಡಿಎಫ್ ಇರುತ್ತವೆ. ಸದನದಲ್ಲಿ ತಿದ್ದುಪಡಿಯಾಗಿದ್ದರೆ ಇವುಗಳ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ. ನೀವು ಓದಿದ್ದು ಯಾವುದೋ ಅದನ್ನೇ ಬರೆಯಿರಿ.

> ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ, 2023, ಲೋಕಸಭೆ, 2023ರ ಮಸೂದೆ ಸಂಖ್ಯೆ 113, ಮಂಡಿಸಿದಂತೆ (3 ಆಗಸ್ಟ್ 2023), ಖಂಡ 44(3).

ಇಲ್ಲಿ ‘ಸೆಕ್ಷನ್’ ಎಂದು ಬರೆದಿಲ್ಲ, ನೋಡಿ. ಮಸೂದೆಯಲ್ಲಿರುವಾಗ ಅದು ಖಂಡ. ಕಾಯ್ದೆಯಾದ ಮೇಲೆ ಸೆಕ್ಷನ್, ಅಂದರೆ ನಮ್ಮ ಕಾನೂನು ಪುಸ್ತಕಗಳಲ್ಲಿ ಬರುವ ಪ್ರಕರಣ. ಪೇಪರಿನಲ್ಲಿ ‘ಮಸೂದೆಯ ಸೆಕ್ಷನ್’ ಅಂತ ಕಂಡರೆ, ಬರೆದವರು ಮಸೂದೆ ಓದಿದ್ದಾರೋ ಕಾಯ್ದೆ ಓದಿದ್ದಾರೋ ಎಂದು ಪರಾಮರ್ಶಕರಿಗೆ ಸಂಶಯ ಬರುತ್ತದೆ.

ಇದೇ 44(3) ಇನ್ನೊಂದು ಪಾಠ ಹೇಳುತ್ತದೆ. ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನನ್ನು ಬದಲಿಸುತ್ತದೆ. ವೈಯಕ್ತಿಕ ಮಾಹಿತಿಯನ್ನು ಯಾವಾಗ ನಿರಾಕರಿಸಬಹುದು ಎಂಬುದಕ್ಕೆ ಮುಂಚೆ ಇದ್ದ ಷರತ್ತುಗಳನ್ನು ತೆಗೆದು, ಬರೀ ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂದು ಇಡುತ್ತದೆ. ಕಾಯ್ದೆ ಗೆಜೆಟಿನಲ್ಲಿ ಬಂದದ್ದು ಆಗಸ್ಟ್ 2023ರಲ್ಲಿ. ಹಾಗಾದರೆ 2024ರಲ್ಲಿ ಒಬ್ಬ ಅಧಿಕಾರಿ ಅರ್ಜಿ ತಿರಸ್ಕರಿಸುವಾಗ ಯಾವ ಪಠ್ಯ ಅನ್ವಯಿಸುತ್ತಿತ್ತು? ಹಳೆಯದೇ. ಏಕೆಂದರೆ ಕಾಯ್ದೆಯ ಸೆಕ್ಷನ್ 1(2), ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಜಾರಿ, ಬೇರೆ ಬೇರೆ ಸೆಕ್ಷನ್ನುಗಳಿಗೆ ಬೇರೆ ಬೇರೆ ದಿನ ಇರಬಹುದು ಎನ್ನುತ್ತದೆ. 44(3)ನ್ನು ಜಾರಿಗೆ ತಂದ ಅಧಿಸೂಚನೆ ಬಂದದ್ದು ನವೆಂಬರ್ 2025ರಲ್ಲಿ. ಅದೇ ಅಧಿಸೂಚನೆ ಕಾಯ್ದೆಯ ಬೇರೆ ಹಲವು ಸೆಕ್ಷನ್ನುಗಳನ್ನು ಮುಂದಿನ ದಿನಗಳಿಗೆ ಬಿಟ್ಟಿತು.

ಹಾಗಾಗಿ ಕಾಯ್ದೆ ಎಂದರೆ ಮೂರು ದಿನಾಂಕ: ಅಂಕಿತದ ದಿನ, ಪ್ರಕಟಣೆಯ ದಿನ, ಜಾರಿಯ ದಿನ. ಮೊದಲೆರಡು ಎಷ್ಟೋ ಸಲ ಒಂದೇ ಆಗಿರುತ್ತವೆ. ಮೂರನೆಯದಕ್ಕೆ ಸೆಕ್ಷನ್ 1 ಓದಲೇಬೇಕು. ಅಲ್ಲಿ ‘ಸರ್ಕಾರ ಗೊತ್ತುಪಡಿಸುವ ದಿನಾಂಕದಿಂದ’ ಎಂದಿದ್ದರೆ ಜಾರಿ ಅಧಿಸೂಚನೆಯನ್ನು ಬೇರೆಯಾಗಿ ಹುಡುಕಿ, ಕಾಯ್ದೆಯ ಪಕ್ಕದಲ್ಲೇ ಉಲ್ಲೇಖಿಸಿ. ಅದು ಸಿಗದಿದ್ದರೆ ‘ಜಾರಿಯಲ್ಲಿದೆ’ ಎಂದು ಬರೆಯಬೇಡಿ.

ವರ್ಷ ಯಾಕೆ ಮುಖ್ಯ ಎಂಬುದಕ್ಕೂ ಇದೇ ಜೋಡಿ ಸಾಕ್ಷಿ. ದತ್ತಾಂಶ ಕಾಯ್ದೆ 2023ರ ಕಾಯ್ದೆ ಸಂಖ್ಯೆ 22. ಅದು ತಿದ್ದಿದ ಮಾಹಿತಿ ಹಕ್ಕು ಕಾಯ್ದೆ 2005ರ ಕಾಯ್ದೆ ಸಂಖ್ಯೆ 22.

ಸರ್ಕಾರಿ ಆದೇಶ: ಗೆಜೆಟಿನಲ್ಲಿ ಸಿಗದ ಕಾಗದ

ಸರ್ಕಾರಿ ಆದೇಶಗಳಲ್ಲಿ ಹೆಚ್ಚಿನವು ಗೆಜೆಟಿಗೆ ಹೋಗುವುದಿಲ್ಲ. ಇಲಾಖೆಯ ತಾಣದಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಇರುತ್ತದೆ, ಇಲ್ಲದಿದ್ದರೆ ವಾಟ್ಸಾಪಿನಲ್ಲಿ ಫೋಟೋ ಓಡಾಡುತ್ತಿರುತ್ತದೆ. ಹುಡುಕಲು ಎಸ್.ಒ. ಥರದ ಒಂದು ಕೇಂದ್ರೀಯ ಸಂಖ್ಯೆ ಇಲ್ಲ. ಇರುವುದು ಕಡತದಿಂದ ಬಂದ ಆದೇಶ ಸಂಖ್ಯೆ. ಆದ್ದರಿಂದ ಅದನ್ನು ಒಂದಕ್ಷರವೂ ಬದಲಿಸದೆ ನಕಲು ಮಾಡಬೇಕು.

ಕರ್ನಾಟಕದ ಆದೇಶದ ರೂಪ ಹೆಚ್ಚುಕಡಿಮೆ ಒಂದೇ. ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’. ಆಮೇಲೆ ‘ವಿಷಯ’. ಆಮೇಲೆ ‘ಓದಲಾಗಿದೆ’ ಎಂದು ಹಿಂದಿನ ಆದೇಶ, ಪತ್ರ, ಸುತ್ತೋಲೆಗಳ ಪಟ್ಟಿ. ನಂತರ ‘ಪ್ರಸ್ತಾವನೆ’. ಅದು ಮುಗಿದ ಮೇಲೆ ‘ಸರ್ಕಾರಿ ಆದೇಶ ಸಂಖ್ಯೆ’, ಊರು, ದಿನಾಂಕ. ಅದರ ಕೆಳಗಿನ ಪ್ಯಾರಾಗಳೇ ನಿಜವಾದ ಆದೇಶ. ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು, ಅಧಿಕಾರಿಯ ಸಹಿ, ಯಾರಿಗೆ ಪ್ರತಿ ಎಂಬ ಪಟ್ಟಿ.

ಇಲ್ಲಿ ಎರಡು ತಪ್ಪು ಜಾಸ್ತಿ. ಒಂದು, ‘ಓದಲಾಗಿದೆ’ ಪಟ್ಟಿಯಲ್ಲಿರುವ ಹಳೆಯ ಆದೇಶದ ಸಂಖ್ಯೆಯನ್ನು ಈ ಆದೇಶದ ಸಂಖ್ಯೆ ಎಂದುಕೊಳ್ಳುವುದು. ಪುಟದ ಮೇಲ್ಭಾಗದಲ್ಲೇ ಕಾಣುವುದರಿಂದ ಕಣ್ಣು ಅಲ್ಲಿಗೇ ಹೋಗುತ್ತದೆ. ಎರಡು, ಪ್ರಸ್ತಾವನೆಯ ಮಾತನ್ನು ಆದೇಶದ ಮಾತು ಎಂದು ಉದ್ಧರಿಸುವುದು. ಪ್ರಸ್ತಾವನೆಯಲ್ಲಿ ಇಲಾಖೆ ಕೇಳಿದ ಮೊತ್ತ ಒಂದು ಇರಬಹುದು, ಕೆಳಗೆ ಸರ್ಕಾರ ಮಂಜೂರು ಮಾಡಿದ್ದು ಬೇರೆ ಇರಬಹುದು.

ಶಾಲಾ ಸಮವಸ್ತ್ರದ ಬಗ್ಗೆ 5 ಫೆಬ್ರವರಿ 2022ರಂದು ಬಂದ ಆದೇಶ ಎಲ್ಲರಿಗೂ ಗೊತ್ತು. ಹೈಕೋರ್ಟಿನ ತೀರ್ಪಿನಲ್ಲಿ ಅದರ ಸಂಖ್ಯೆ EP 14 SHH 2022 ಎಂದಿದೆ. ಅದರ ಪ್ರಸ್ತಾವನೆಯಲ್ಲಿ ಬೇರೆ ಹೈಕೋರ್ಟುಗಳ ತೀರ್ಪುಗಳ ಪ್ರಸ್ತಾಪ ಇದೆ. ಆದೇಶ ಬರುವುದು ಅದರ ನಂತರ, ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಸೆಕ್ಷನ್ 133(2)ರ ಅಧಿಕಾರದ ಅಡಿಯಲ್ಲಿ. ಪೇಪರಿನಲ್ಲಿ ಈ ಎರಡನ್ನೂ ಬೇರೆ ಬೇರೆ ತೋರಿಸಬೇಕು: ‘ಪ್ರಸ್ತಾವನೆಯಲ್ಲಿ ಸರ್ಕಾರ ಕೊಟ್ಟ ಕಾರಣ’ ಎಂದು ಒಂದು, ‘ಆದೇಶಿಸಿದ್ದು’ ಎಂದು ಇನ್ನೊಂದು.

> ಶಿಕ್ಷಣ ಇಲಾಖೆ, ಕರ್ನಾಟಕ ಸರ್ಕಾರ, ಸರ್ಕಾರಿ ಆದೇಶ ಸಂಖ್ಯೆ: ಇಪಿ 14 ಎಸ್‌ಎಚ್‌ಎಚ್ 2022, ಬೆಂಗಳೂರು, 5 ಫೆಬ್ರವರಿ 2022, ಆದೇಶ ಭಾಗ.

ನೀವು ಇಂಗ್ಲಿಷಿನಲ್ಲಿ ಪೇಪರು ಬರೆಯುತ್ತಿದ್ದರೆ ಇನ್ನೊಂದು ಹೆಜ್ಜೆ ಇದೆ. ಈ ಆದೇಶದಲ್ಲಿ ‘ಸಾರ್ವಜನಿಕ ಸುವ್ಯವಸ್ಥೆ’ ಎಂಬ ಮಾತಿತ್ತು. ಅದಕ್ಕೆ ಸಂವಿಧಾನದಲ್ಲಿರುವ ಅರ್ಥವೇ ಇಲ್ಲೂ ಇದೆಯೇ ಎಂದು ಹೈಕೋರ್ಟಿನಲ್ಲಿ ವಾದವೇ ನಡೆಯಿತು. ಸರ್ಕಾರಿ ಆದೇಶದಲ್ಲಿ ಬಳಸಿದ ಪದಗಳನ್ನು ಸಂವಿಧಾನ, ಶಾಸನಗಳ ಪದಗಳಂತೆ ಅರ್ಥ ಮಾಡಲಾಗದು ಎಂದು 15 ಮಾರ್ಚ್ 2022ರ ತೀರ್ಪು ಹೇಳಿತು. ಹಾಗಾಗಿ ಅನುವಾದ ಯಾರದು ಎಂದು ಅಡಿಟಿಪ್ಪಣಿಯಲ್ಲಿ ಬರೆಯಿರಿ. ವಾದ ನಿಂತಿರುವ ಆ ಒಂದು ಸಾಲನ್ನು ಕನ್ನಡ ಲಿಪಿಯಲ್ಲೇ ಕೊಡಿ. ಆದೇಶ ಸಂಖ್ಯೆಯನ್ನೂ ಎರಡೂ ಲಿಪಿಯಲ್ಲಿ ಕೊಟ್ಟರೆ ಹುಡುಕುವವರಿಗೆ ಅನುಕೂಲ. ‘ಸಿಆಸುಇ’ ಎಂದಿರುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಇಂಗ್ಲಿಷ್ ಕಡತಗಳಲ್ಲಿ ಅದೇ DPAR. ಇದು ಗೊತ್ತಿಲ್ಲದವರು ಎರಡನ್ನೂ ಬೇರೆ ಆದೇಶ ಎಂದುಕೊಳ್ಳುತ್ತಾರೆ.

ಈ ಆದೇಶದ ಸಿಂಧುತ್ವದ ಮಾತು ಬಂದರೆ ಹೈಕೋರ್ಟಿನ ತೀರ್ಪಿಗೆ ನಿಲ್ಲಬೇಡಿ. ಸುಪ್ರೀಂ ಕೋರ್ಟಿನಲ್ಲಿ 13 ಅಕ್ಟೋಬರ್ 2022ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದನ್ನೂ ಹೇಳಬೇಕು.

ಫೋಟೋ ಮಾತ್ರ ಸಿಕ್ಕಿದೆ ಅಂದಾಗ ಏನು ಮಾಡುವುದು? ಸಂಖ್ಯೆ, ದಿನಾಂಕ, ಸಹಿ, ಪ್ರತಿಗಳ ಪಟ್ಟಿ ಎಲ್ಲ ಇದೆಯೇ ನೋಡಿ. ಒಂದು ಪುಟದ ಫೋಟೋ ಆಗಿದ್ದರೆ ಮುಂದಿನ ಪುಟದಲ್ಲಿ ಷರತ್ತು ಇರಬಹುದು. ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪೂರ್ತಿ ಪ್ರತಿ ತೆಗೆಸಿಕೊಳ್ಳುವುದೇ ದಾರಿ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. ಹಾಗೆ ಪಡೆದ ಪ್ರತಿಯಾದರೆ ‘ಮಾಹಿತಿ ಹಕ್ಕಿನಡಿ ಪಡೆದದ್ದು’ ಎಂದು ದಿನಾಂಕ ಸಮೇತ ಬರೆಯಿರಿ. ಪ್ರತಿ ಕೈಗೆ ಬರುವ ಮುಂಚೆಯೇ ಪೇಪರು ಕೊಡಬೇಕಾಗಿ ಬಂದರೆ, ಪತ್ರಿಕಾ ವರದಿಯನ್ನು ಪತ್ರಿಕಾ ವರದಿ ಅಂತಲೇ ಉಲ್ಲೇಖಿಸಿ. ಓದದ ಆದೇಶದ ಸಂಖ್ಯೆಯನ್ನು ವರದಿಯಿಂದ ಎತ್ತಿ, ಓದಿದವರಂತೆ ಹಾಕಬಾರದು.

ಉಲ್ಲೇಖಗಳನ್ನು ಇಡೀ ಪೇಪರಿನಲ್ಲಿ ಒಂದೇ ಥರ ಇಡುವ ಕೆಲಸ ಕೊನೆಗೆ. ಮೊದಲ ಸಲ ಪೂರ್ತಿ ಉಲ್ಲೇಖ ಕೊಟ್ಟು, ‘ಇನ್ನು ಮುಂದೆ: 2006ರ ಅಧಿಸೂಚನೆ’ ಎಂದು ಗಿಡ್ಡ ಹೆಸರು ಇಡಿ. ಗಿಡ್ಡ ಹೆಸರಿನಲ್ಲೇ ದಾಖಲೆಯ ಸ್ಥಿತಿ ಕಾಣಲಿ. 2020ರದ್ದಕ್ಕೆ ‘2020ರ ಕರಡು’ ಎಂದಿಟ್ಟರೆ ಇಡೀ ಪೇಪರಿನಲ್ಲಿ ಗೊಂದಲಕ್ಕೆ ಜಾಗ ಇರುವುದಿಲ್ಲ. ಲಿಂಕ್ ಕೊಡುವುದಾದರೆ ಕೊನೆಯಲ್ಲಿ, ನೋಡಿದ ದಿನಾಂಕದ ಜೊತೆ ಕೊಡಿ. ಗೆಜೆಟ್ ತಾಣ ಮುಂಚೆ egazette.nic.in ಆಗಿತ್ತು, ಹಳೆಯ ಪೇಪರುಗಳಲ್ಲಿ ಈಗಲೂ ಆ ವಿಳಾಸವೇ ಇದೆ. ವಿಳಾಸ ಬದಲಾದರೂ ಸಂಖ್ಯೆ, ದಿನಾಂಕ, ಭಾಗ ಸರಿಯಿದ್ದರೆ ಓದುಗರು ದಾಖಲೆಯನ್ನು ತಲುಪುತ್ತಾರೆ. ಪಿಡಿಎಫನ್ನು ಇಳಿಸಿಕೊಂಡು, ಕಡತಕ್ಕೆ `2006-09-14_SO-1533E.pdf` ಎಂಬಂಥ ಹೆಸರಿಟ್ಟು ಜೋಪಾನ ಮಾಡಿ. ಪರಾಮರ್ಶಕರು ಆರು ತಿಂಗಳ ನಂತರ ‘ಈ ಪ್ಯಾರಾ ಎಲ್ಲಿದೆ, ತೋರಿಸಿ’ ಎಂದು ಕೇಳಿದಾಗ ಅದನ್ನೇ ತೆರೆದು ಕಳಿಸಬಹುದು.